ಎರಡನೇ ಸಲ ಸಿನಿಮಾ ನೋಡೋದು ಹೇಗೆ: ಮೊದಲ ಸಲ ಕಣ್ತಪ್ಪಿದ ಸುಳಿವುಗಳನ್ನ ಹಿಡಿಯೋಕೆ ಸಮಗ್ರ ಮಾರ್ಗದರ್ಶಿ

"ಎರಡನೇ ಸಲ ನೋಡ್ದೆ, ಹೊಸದೇನೂ ಕಾಣಿಸ್ಲಿಲ್ಲ." ಕ್ಲೈಮ್ಯಾಕ್ಸ್‌ನಲ್ಲಿ ಕಥೆ ತಿರುಗಿಬೀಳೋ ಸಿನಿಮಾಗಳನ್ನ ಯಾರಿಗೆ ಮತ್ತೆ ನೋಡಿ ಅಂತ ಹೇಳಿದ್ರೂ ಹತ್ತರಲ್ಲಿ ಎಂಟು ಜನ ಇದೇ ಉತ್ತರ ಕೊಡ್ತಾರೆ. ಇನ್ನು ಕೆಲವರು ಮೊದಲು ಸುಳಿವುಗಳ ಪಟ್ಟಿ ಇರೋ ವಿಡಿಯೋ ನೋಡಿ, ಆಮೇಲೆ ಸಿನಿಮಾ ಹಾಕಿ, ಪಟ್ಟಿಯಲ್ಲಿ ಇರೋದನ್ನ ಟಿಕ್ ಮಾಡ್ಕೊಂಡು ಹೋಗ್ತಾರೆ, ಅದರಲ್ಲಿ ಅವರೇ ಕಂಡುಹಿಡಿದದ್ದು ಒಂದೂ ಇರಲ್ಲ. ಎರಡೂ ಕಡೆ ತಪ್ಪು ಒಂದೇ, ಸುಳಿವನ್ನ ಹುಡುಕೋಕೆ ಹೋಗ್ತಾರೆ ಆದ್ರೆ ಎಲ್ಲಿ ನೋಡ್ಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿರಲ್ಲ, ಹಾಗಾಗಿ ಹತ್ತು ನಿಮಿಷ ಆಗೋಷ್ಟರಲ್ಲಿ ಕಥೆ ಮತ್ತೆ ಎಳ್ಕೊಂಡು ಹೋಗಿಬಿಡುತ್ತೆ.

ಇಲ್ಲಿ ಒಂದೇ ಸಿನಿಮಾ ಇಟ್ಕೊಂಡು ಪೂರ್ತಿ ಮಾಡಿ ತೋರಿಸ್ತೀನಿ: 1999ರ "ದಿ ಸಿಕ್ಸ್ತ್ ಸೆನ್ಸ್", ಎಂ. ನೈಟ್ ಶ್ಯಾಮಲನ್ ಅವರದ್ದು. ಇದನ್ನೇ ಯಾಕೆ ತಗೊಂಡೆ ಅಂದ್ರೆ ಇದರಲ್ಲಿ ಸುಳಿವುಗಳು ಅಲ್ಲಲ್ಲಿ ಉದುರಿಸಿದ ಹಾಗಿಲ್ಲ, ಒಂದು ನಿಯಮ ಹಾಕ್ಕೊಂಡು ಇಡೀ ಸಿನಿಮಾನ ಅದರೊಳಗೇ ತೆಗೆದಿದ್ದಾರೆ, ಕಲಿಯೋಕೆ ಇಷ್ಟು ಸಲೀಸಾದ ಸಿನಿಮಾ ಸಿಗೋದು ಕಷ್ಟ. ಮುಂದೆ ಇದರ ಕ್ಲೈಮ್ಯಾಕ್ಸ್ ಪೂರ್ತಿ ಹೇಳಿದೀನಿ, ಕೊನೆಯಲ್ಲಿ ಮಲಯಾಳಂ "ದೃಶ್ಯಂ"ದೂ ಬರುತ್ತೆ. ನೋಡಿಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸಿ, ಮೊದಲು ಸಿನಿಮಾ ನೋಡ್ಕೊಂಡು ಬನ್ನಿ.

## ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ನು, ಇಯರ್‌ಫೋನು. ಮೊಬೈಲ್‌ನಲ್ಲಿ ನೋಟ್ಸ್ ಮಾಡ್ಕೋಬೇಡಿ, ಮೆಸೇಜ್ ಬಂದ್ರೆ ಗಮನ ಅಲ್ಲಿಗೆ ಹೋಗುತ್ತೆ, ಜೊತೆಗೆ ಆ ಬೆಳಕಿಗೆ ಕಣ್ಣು ಹೊಂದ್ಕೊಂಡು ಸಿನಿಮಾದ ಕತ್ತಲೆ ಸೀನ್‌ಗಳಲ್ಲಿ ಮೂಲೆಯಲ್ಲಿ ಇರೋದು ಕಾಣಲ್ಲ. ಈ ಸಿನಿಮಾದಲ್ಲಂತೂ ಅರ್ಧಕ್ಕರ್ಧ ಮಂದ ಬೆಳಕೇ.

ಕಾಪಿ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಟಿವಿಯಲ್ಲಿ ಬರೋದನ್ನ ರೆಕಾರ್ಡ್ ಮಾಡಿದ್ದು ಬೇಡ, ಆಡ್‌ಗೋಸ್ಕರ ಸೀನ್ ಕತ್ತರಿಸಿರ್ತಾರೆ, ಹಳೇ ಟಿವಿ ಕಾಪಿಯಾದ್ರೆ ಫ್ರೇಮಿನ ಎರಡೂ ಬದಿ ಕತ್ತರಿಸಿ ಚೌಕ ಮಾಡಿರ್ತಾರೆ. ಬದಿಯಲ್ಲಿ ಕೂತಿರೋ ಮನುಷ್ಯನೇ ಮುಖ್ಯ ಆಗಿರುವಾಗ ಬದಿಯೇ ಇಲ್ಲದ ಕಾಪಿಯಿಂದ ಏನು ಪ್ರಯೋಜನ. ಡಬ್ ಆಗಿರೋದೂ ಬೇಡ, ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತೆ.

ಓಟಿಟಿಯಲ್ಲಿ ನೋಡಿದ್ರೂ ನಡೆಯುತ್ತೆ, ಹತ್ತು ಸೆಕೆಂಡ್ ಹಿಂದೆ ಹೋಗೋ ಬಟನ್ ಸಾಕು. ಡಿಸ್ಕ್ ಅಥವಾ ಫೈಲ್ ಇದ್ದು ಕಂಪ್ಯೂಟರ್‌ನಲ್ಲಿ VLC ಹಾಕಿದ್ರೆ ಇನ್ನೂ ಅನುಕೂಲ. ವಿಂಡೋಸ್‌ನಲ್ಲಿ ಈ ನಾಲ್ಕು ಕೀ ಗೊತ್ತಿದ್ರೆ ಸಾಕು:

```
Space         ನಿಲ್ಲಿಸೋಕೆ, ಮುಂದುವರಿಸೋಕೆ
Shift + Left  3 ಸೆಕೆಂಡ್ ಹಿಂದೆ
E             ಒಂದೊಂದೇ ಫ್ರೇಮ್ ಮುಂದೆ
T             ಎಷ್ಟನೇ ನಿಮಿಷ ಅಂತ ತೋರಿಸೋಕೆ
```

ಟೈಮ್ ಎಷ್ಟು ಬೇಕು ಅಂದ್ರೆ, ಸಿನಿಮಾ 107 ನಿಮಿಷ ಇದೆ. ಒಂದು ದಿನ ಪೂರ್ತಿ ಸಿನಿಮಾ, ಇನ್ನೊಂದು ದಿನ ಸುಮಾರು ಎರಡು ಗಂಟೆ ಆರಿಸಿದ ಸೀನ್‌ಗಳಿಗೆ. ಎರಡನ್ನೂ ಒಂದೇ ರಾತ್ರಿ ಮುಗಿಸ್ತೀನಿ ಅಂತ ಕೂತವರು ಎರಡನೇ ಭಾಗವನ್ನ ಅರ್ಧಕ್ಕೇ ಬಿಟ್ಟಿದ್ದನ್ನ ಬೇಕಾದಷ್ಟು ನೋಡಿದೀನಿ.

## ಹಂತ 1: ಪ್ಲೇ ಒತ್ತೋ ಮುಂಚೆ ನೆನಪಿರೋದನ್ನ ಬರೀರಿ

ಎಲ್ಲರೂ ಬಿಟ್ಟುಬಿಡೋ ಹಂತ ಇದು, ನನ್ನ ಪ್ರಕಾರ ಇದಿಲ್ಲದೆ ಉಳಿದದ್ದೆಲ್ಲ ಅರ್ಧ.

ಸಿನಿಮಾ ಹಾಕೋ ಮುಂಚೆ ನಿಮಗೆ ಚೆನ್ನಾಗಿ ನೆನಪಿರೋ ಐದು ಸೀನ್ ಬರೀರಿ. ಪ್ರತಿಯೊಂದಕ್ಕೂ ಮೂರು ಸಾಲು ಸಾಕು: ಯಾರು ಇದ್ರು, ಯಾರು ಯಾರ ಹತ್ರ ಮಾತಾಡಿದ್ರು, ಏನಂತ ಮಾತಾಡಿದ್ರು. ಹಾಳೆಯ ಎಡಗಡೆ ಮಾತ್ರ ಬರೀರಿ, ಬಲಗಡೆ ಖಾಲಿ ಇರಲಿ. ನೆನಪಿಲ್ಲದ್ದನ್ನ ಗೂಗಲ್ ಮಾಡಬೇಡಿ, ನೆನಪು ತಪ್ಪಿದ್ರೆ ಆ ತಪ್ಪೇ ನಮಗೆ ಬೇಕಾಗಿರೋದು.

ನಾನು ಹೀಗೆ ಮಾಡಿದಾಗ, ಸಿನಿಮಾದ ಹೀರೋ ಆದ ಮಕ್ಕಳ ಮನಶ್ಶಾಸ್ತ್ರಜ್ಞ ಮಾಲ್ಕಮ್‌ನ ರೆಸ್ಟೋರೆಂಟ್ ಸೀನ್ ಬಗ್ಗೆ ಬರೆದದ್ದು ಇಷ್ಟು: "ಮಾಲ್ಕಮ್ ಲೇಟಾಗಿ ಬಂದ, ಹೆಂಡತಿ ಆನಾ ಕೋಪ ಮಾಡ್ಕೊಂಡ್ಳು, ಯಾಕಿಷ್ಟು ಲೇಟು ಅಂತ ಕೇಳಿದ್ಳು, ಜಗಳ ಆಯ್ತು, ಎದ್ದು ಹೋದ್ಳು." ಸಿನಿಮಾ ಹಾಕಿ ನೋಡಿದ್ರೆ ಆಕೆ ಏನನ್ನೂ ಕೇಳೇ ಇಲ್ಲ. ಜಗಳ ಅನ್ನೋದು ನಡೆದೇ ಇಲ್ಲ. ಮಾತೆಲ್ಲ ಅವನದ್ದೇ. ಅವಳ ಪಾಲಿನ ಜಗಳವನ್ನ ನನ್ನ ತಲೆಯೇ ಬರೆದುಕೊಂಡು ಇಷ್ಟು ವರ್ಷ ಹಾಗೇ ಇಟ್ಕೊಂಡಿತ್ತು.

ಸಿನಿಮಾ ನಮ್ಮ ಕೈಯಿಂದಲೇ ಮುಚ್ಚಿಸಿರೋ ಜಾಗ ಅಂದ್ರೆ ಇದು. ಗಂಡ ಲೇಟು, ಹೆಂಡತಿ ಮೌನ, ಅಂದ್ರೆ ಕೋಪ ಅಂತ ನಾವು ಪ್ರತಿ ಮನೆಯಲ್ಲೂ ನೋಡಿರೋದನ್ನೇ ಅಲ್ಲೂ ತುಂಬ್ತೀವಿ. ಹಾಗಾಗಿ ನಿಮ್ಮ ಎಡಗಡೆ ಹಾಳೆಯಲ್ಲಿ ಇದ್ದು ಸಿನಿಮಾದಲ್ಲಿ ಇಲ್ಲದಿರೋ ಮಾತು ಯಾವುದೋ ಅಲ್ಲೇ ಸುಳಿವು ಇರೋದು. ಇದಕ್ಕಿಂತ ಒಳ್ಳೆ ನಕ್ಷೆ ಯಾವ ವಿಡಿಯೋನೂ ಕೊಡಲ್ಲ, ಯಾಕಂದ್ರೆ ನಿಮ್ಮ ನೆನಪು ಎಲ್ಲಿ ಮೋಸ ಹೋಗಿದೆ ಅಂತ ಬೇರೆಯವರಿಗೆ ಗೊತ್ತಿರಲ್ಲ.

## ಹಂತ 2: ಕ್ಲೈಮ್ಯಾಕ್ಸನ್ನ ಒಂದು ನಿಯಮ ಮಾಡ್ಕೊಳ್ಳಿ

"ಮಾಲ್ಕಮ್ ಸತ್ತಿದ್ದ" ಅಂತ ಬರೆದ್ರೆ ಅದು ಬರೀ ಕಥೆ. ನಿಯಮ ಅಂದ್ರೆ ಹೀಗಿರಬೇಕು: "ಮೊದಲ ಸೀನ್ ಆದ್ಮೇಲೆ ಮಾಲ್ಕಮ್‌ನ ನೋಡೋದು, ಅವನ ಜೊತೆ ಮಾತಾಡೋದು ಕೋಲ್ ಅನ್ನೋ ಹುಡುಗ ಒಬ್ಬನೇ." ಹೀಗೆ ಬರೆದ ತಕ್ಷಣ ಕಣ್ಣಿಗೆ ಕೆಲಸ ಸಿಗುತ್ತೆ, ಯಾಕಂದ್ರೆ ಪ್ರತಿ ಸೀನ್‌ನಲ್ಲೂ ಇದು ಸರಿನಾ ತಪ್ಪಾ ಅಂತ ನೋಡಬಹುದು.

ನಿಯಮದಿಂದ ಮೂರೇ ಮೂರು ಪ್ರಶ್ನೆ ತೆಗೀರಿ, ಅದಕ್ಕಿಂತ ಜಾಸ್ತಿ ಬೇಡ. ನನ್ನವು: ಅವನ ಮಾತಿಗೆ ಯಾರಾದ್ರೂ ಉತ್ತರ ಕೊಟ್ರಾ? ಬದುಕಿರೋರು ನೋಡ್ತಿರುವಾಗ ಅವನು ಯಾವುದಾದ್ರೂ ವಸ್ತು ಅಲುಗಾಡಿಸಿದ್ನಾ? ಮೈಮೇಲೆ ಯಾವ ಬಟ್ಟೆ ಇದೆ?

ಎರಡನೇ ಪ್ರಶ್ನೆಯಲ್ಲಿ "ಬದುಕಿರೋರು ನೋಡ್ತಿರುವಾಗ" ಅನ್ನೋದನ್ನ ನಾನು ಆಮೇಲೆ ಸೇರಿಸಿದ್ದು. ಮೊದಲು "ಅವನು ಯಾವ ವಸ್ತುನೂ ಮುಟ್ಟಲ್ಲ" ಅಂತ ಬರ್ಕೊಂಡಿದ್ದೆ, ಸುಮಾರು ಜನ ಹಾಗೇ ನಂಬಿರ್ತಾರೆ, ಆಮೇಲೆ ಅವನು ಟೇಪ್ ರೆಕಾರ್ಡರ್ ಹಾಕೋದು, ಆನಾಳ ಅಂಗಡಿ ಬಾಗಿಲಿನ ಗಾಜು ಒಡೆಯೋದು ಕಂಡು "ಡೈರೆಕ್ಟರ್ ತಪ್ಪು ಮಾಡಿದ್ದಾರೆ" ಅಂತಾರೆ. ತಪ್ಪಲ್ಲ ಅದು. ಈ ಸಿನಿಮಾದಲ್ಲಿ ಸತ್ತವರು ವಸ್ತುಗಳನ್ನ ಅಲುಗಾಡಿಸಬಲ್ಲರು ಅಂತ ಸಿನಿಮಾನೇ ಮುಂಚೆ ತೋರಿಸಿರುತ್ತೆ: ಕೋಲ್‌ನ ಅಮ್ಮ ಲಿನ್ ಅಡುಗೆಮನೆಯಿಂದ ಒಂದು ಕ್ಷಣ ಆಚೆ ಹೋಗಿ ಬರೋಷ್ಟರಲ್ಲಿ ಕಪಾಟು, ಡ್ರಾಯರ್ ಎಲ್ಲಾ ತೆರೆದುಕೊಂಡಿರುತ್ತಲ್ಲ, ಅದೇ. ಗಾಜು ಒಡೆದಾಗಲೂ ಅಂಗಡಿಯೊಳಗೆ ಇದ್ದವರಿಗೆ ಸದ್ದು ಕೇಳಿಸುತ್ತೆ, ಆಚೆ ಬಂದು ನೋಡ್ತಾರೆ, ಆದ್ರೆ ಯಾರೂ ಕಾಣಿಸಲ್ಲ. ಅಂದ್ರೆ ಸಿನಿಮಾ ಸರಿ ಇದೆ, ನನ್ನ ನಿಯಮ ಸ್ವಲ್ಪ ಒರಟಾಗಿತ್ತು.

ಹಾಗಾಗಿ ನಿಯಮಕ್ಕೂ ಸಿನಿಮಾಕ್ಕೂ ಹೊಂದ್ಲಿಲ್ಲ ಅಂದ್ರೆ ಮೊದಲು ನಿಯಮವನ್ನೇ ತಿದ್ದಿ ನೋಡಿ. ಎರಡು ಮೂರು ಸಲ ತಿದ್ದಿದ್ರೂ ಹೊಂದಲ್ಲ ಅಂದ್ರೆ ಆಗ ಸಿನಿಮಾದ ತಪ್ಪು ಅನ್ನಬಹುದು.

## ಹಂತ 3: ಒಂದು ಸಲ ನಿಲ್ಲಿಸದೆ ಪೂರ್ತಿ ನೋಡಿ

ಮೊದಲ ದಿನ ಪಾಜ್ ಮಾಡೋ ಹಾಗಿಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿದ್ರೆ ಸೀನ್ ಯಾವ ಲಯದಲ್ಲಿ ಮುಚ್ಚಿಟ್ಟಿದೆ ಅನ್ನೋದೇ ಹೊರಟುಹೋಗುತ್ತೆ. ಏನಾದ್ರೂ ಕಂಡ್ರೆ ನಿಮಿಷ ಮತ್ತು ಒಂದೇ ಪದ ಬರೀರಿ, "ಕುರ್ಚಿ", "ಬಿಲ್", "ಬಾಗಿಲು" ಅಂತ. ಕಾರಣ ಬರೆಯೋಕೆ ಹೋಗಬೇಡಿ, ಬರೆಯೋಷ್ಟರಲ್ಲಿ ಮುಂದಿನ ಶಾಟ್ ಹೋಗಿರುತ್ತೆ.

ಸಬ್‌ಟೈಟಲ್ ಆಫ್ ಮಾಡಿ. ನಮ್ಮಂಥ ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಮೊದಲ ಸಲ ನೋಡಿದಾಗ ಕಣ್ಣು ಬಹಳ ಹೊತ್ತು ಸ್ಕ್ರೀನಿನ ಕೆಳಗಡೆ ಅಂಚಲ್ಲೇ ಇತ್ತು, ಯಾರ ಮುಖ ಯಾರ ಕಡೆ ತಿರುಗಿತ್ತು ಅಂತ ನೋಡೋಕೆ ಪುರಸೊತ್ತೇ ಇರ್ಲಿಲ್ಲ. ಈ ಸಿನಿಮಾದ ಸುಳಿವುಗಳು ಇರೋದು ಬಹುಪಾಲು ನೋಟದಲ್ಲಿ. ಮಾತು ಹತ್ತರಲ್ಲಿ ಎರಡು ಅರ್ಥ ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ, ಕಥೆ ಗೊತ್ತಿದೆ ತಾನೇ.

ಇನ್ನೊಂದು ಅಭ್ಯಾಸ, ಮಾತಾಡ್ತಿರೋರನ್ನ ಬಿಟ್ಟು ಕೇಳಿಸ್ಕೊಳ್ತಿರೋರ ಮುಖ ನೋಡಿ. ಸಹಜವಾಗಿ ಬರಲ್ಲ ಇದು, ಕಣ್ಣು ಮತ್ತೆ ಮತ್ತೆ ಮಾತಾಡೋ ಬಾಯಿ ಕಡೆಗೇ ಓಡುತ್ತೆ, ಪ್ರತಿ ಸಲ ಎಳ್ಕೊಂಡು ಬರಬೇಕು. ಹದಿನೈದು ಇಪ್ಪತ್ತು ನಿಮಿಷ ಆದ್ಮೇಲೆ ರೂಢಿ ಆಗುತ್ತೆ.

## ಹಂತ 4: ಆರಿಸಿದ ಸೀನ್‌ಗಳನ್ನ ಮ್ಯೂಟ್ ಮಾಡಿ ನೋಡಿ

ಎರಡನೇ ದಿನದ ಕೆಲಸ. ಹಂತ 1ರಲ್ಲಿ ಎಡಗಡೆ ಬರೆದ ಸೀನ್‌ಗಳಿಗೆ ಹೋಗಿ ಸೌಂಡ್ ತೆಗೆದುಬಿಡಿ. ಮಾತು ಹೋದ ತಕ್ಷಣ ನಟರ ನೋಟ, ಕೈ, ವಸ್ತುಗಳು ಮಾತ್ರ ಉಳಿಯುತ್ತೆ. ಎರಡು ಸೀನ್ ನಿಮ್ಮ ಜೊತೆಗೇ ನೋಡ್ತೀನಿ.

ಮೊದಲನೇದು ಅದೇ ರೆಸ್ಟೋರೆಂಟ್. ಮಾಲ್ಕಮ್ ಬರ್ತಾನೆ, ಕೂರ್ತಾನೆ. ಕುರ್ಚಿ ಗಮನಿಸಿ, ಅವನು ಎಳೆಯಲ್ಲ, ಇದ್ದ ಜಾಗದಲ್ಲೇ ಒಳಗೆ ಜಾರಿ ಕೂರ್ತಾನೆ. ಆಮೇಲೆ ಕ್ಷಮೆ ಕೇಳ್ತಾನೆ, ಕೋಲ್ ವಿಷಯ ಹೇಳ್ತಾನೆ, ಬಾಯಿ ಆಡ್ತಾನೇ ಇರುತ್ತೆ. ಮ್ಯೂಟ್‌ನಲ್ಲಿ ಆನಾಳನ್ನ ಮಾತ್ರ ನೋಡಿದ್ರೆ ಗೊತ್ತಾಗುತ್ತೆ, ಎದುರಿಗೆ ಒಬ್ಬ ಮಾತಾಡ್ತಿದ್ದಾಗ ಕೋಪ ಬಂದವರೂ ಕೊಡೋ ಸಣ್ಣ ಪ್ರತಿಕ್ರಿಯೆಗಳು, ಹುಬ್ಬು ಏರೋದು, ತುಟಿ ಬಿಗಿಯೋದು, ಅಂಥದ್ದು ಅವನ ಮಾತಿಗೆ ಸರಿಯಾಗಿ ಬರ್ತಾನೇ ಇಲ್ಲ. ಒಬ್ಬಳೇ ಕೂತು ಊಟ ಮುಗಿಸ್ತಿರೋ ಹೆಂಗಸು ಅವಳು. ಆಮೇಲೆ ಬಿಲ್ ಬರುತ್ತೆ. ಅವನು ಕೈ ಚಾಚ್ತಾನೆ, ಅವನ ಕೈ ತಲುಪೋ ಮುಂಚೆ ಅವಳು ತಗೋತಾಳೆ. ಸೌಂಡ್ ಇದ್ದಾಗ ಅದು "ನಿನ್ನ ದುಡ್ಡು ಯಾರಿಗೆ ಬೇಕು" ಅನ್ನೋ ಹಾಗೆ ಕಾಣುತ್ತೆ, ಮ್ಯೂಟ್‌ನಲ್ಲಿ ನೋಡಿದ್ರೆ ಒಬ್ಬಳು ತನ್ನ ಮುಂದಿಟ್ಟ ಬಿಲ್ ತಗೊಂಡ್ಳು ಅಷ್ಟೇ. ಕೊನೆಗೆ ಆ್ಯನಿವರ್ಸರಿ ಶುಭಾಶಯ ಅಂತ ಹೇಳಿ ಎದ್ದು ಹೋಗ್ತಾಳೆ. ಇಡೀ ಸೀನ್‌ನಲ್ಲಿ ಅವಳು ಆಡೋ ಮಾತು ಅದೊಂದೇ, ಗಂಡ ಎದುರಿಗಿದ್ರೂ ಹೊಂದುತ್ತೆ, ಸತ್ತ ಗಂಡನ ನೆನಪಲ್ಲಿ ಒಬ್ಬಳೇ ಹೇಳ್ಕೊಂಡ್ರೂ ಹೊಂದುತ್ತೆ. ನನಗೆ ಈಗಲೂ ಇದು ಇಡೀ ಸಿನಿಮಾದ ಅತ್ಯಂತ ದುಃಖದ ಸೀನ್, ಮೊದಲ ಸಲ ನೋಡಿದಾಗ ಬರೀ ಗಂಡ ಹೆಂಡತಿ ಮುನಿಸು ಅಂದ್ಕೊಂಡಿದ್ದೆ.

ಎರಡನೇದು ಲಿನ್ ಮನೆ. ಕೋಲ್ ಸ್ಕೂಲಿಂದ ಬರ್ತಾನೆ, ಹಾಲ್‌ನಲ್ಲಿ ಲಿನ್ ಮತ್ತು ಮಾಲ್ಕಮ್ ಎದುರುಬದುರು ಕೂತಿದ್ದಾರೆ. ಡಾಕ್ಟರ್ ಬಂದಿದ್ದಾರೆ, ಅಮ್ಮನ ಜೊತೆ ಮಗನ ಬಗ್ಗೆ ಮಾತಾಡಿ ಮುಗಿಸಿದ್ದಾರೆ ಅಂತ ನಾವು ಓದ್ಕೊಳ್ತೀವಿ. ಆ ಮಾತುಕತೆ ನಾವು ನೋಡಿದ್ವಾ? ಇಲ್ಲ. ಇಬ್ಬರೂ ಕೂತಿರೋದಷ್ಟೇ ಕಂಡದ್ದು. ಲಿನ್ ಎದ್ದು ಮಗನ ಹತ್ರ ಹೋಗಿ ಇವತ್ತು ಏನಾಯ್ತು ಅಂತ ಆಟದ ಥರ ಸುಳ್ಳು ಸುಳ್ಳು ಹೇಳ್ಕೊಂಡು ಖುಷಿಪಡ್ತಾಳೆ, ಆಮೇಲೆ ಅಲ್ಲಿಂದ ಹೋಗ್ತಾಳೆ. ಮನೆಗೆ ಬಂದ ಡಾಕ್ಟರ್‌ಗೆ ಒಂದು ಮಾತಿಲ್ಲ, ಒಂದು ನೋಟವೂ ಇಲ್ಲ. ನಮ್ಮ ಕಡೆ ಮನೆಗೆ ಯಾರೇ ಬಂದ್ರೂ ಕಾಫಿ ಕುಡೀರಿ ಅಂತಾದ್ರೂ ಹೇಳ್ತಾರೆ, ಅಮೆರಿಕದಲ್ಲೂ ಹೋಗುವಾಗ ತಲೆಯಾದ್ರೂ ಆಡಿಸ್ತಾರೆ. ಅದು ಇಲ್ಲ ಅನ್ನೋದು ಮೊದಲ ಸಲ ಗೊತ್ತಾಗಲ್ಲ, ಯಾಕಂದ್ರೆ ಆ ಹೊತ್ತಿಗೆ ನಮ್ಮ ಗಮನ ಪೂರ್ತಿ ಅಮ್ಮ ಮಗನ ಪ್ರೀತಿ ಮೇಲೆ ಇರುತ್ತೆ.

ಪ್ರತಿ ಸೀನ್ ಆದ್ಮೇಲೆ ಬಲಗಡೆ ಹಾಳೆಯಲ್ಲಿ ನಿಜಕ್ಕೂ ಕಂಡದ್ದನ್ನ ಮಾತ್ರ ಬರೀರಿ. "ಕೋಪದಲ್ಲಿದ್ಳು" ಅಂತ ಬರೀಬೇಡಿ, "ಅವನ ಕಡೆ ನೋಡ್ಲಿಲ್ಲ" ಅಂತ ಬರೀರಿ. ಕೋಪ ಅನ್ನೋದು ನಿಮ್ಮ ಅಂದಾಜು, ನೋಡ್ಲಿಲ್ಲ ಅನ್ನೋದು ಸ್ಕ್ರೀನ್ ಮೇಲೆ ಇರೋದು. ಇದನ್ನ ಕಲೆಸಿಬಿಟ್ರೆ ಎರಡು ಕಾಲಮ್ ಮಾಡಿದ್ದು ದಂಡ.

## ಹಂತ 5: ಈಗ ಕಣ್ಣು ಮುಚ್ಚಿ ಕೇಳಿಸ್ಕೊಳ್ಳಿ

ಇದು ಹತ್ತು ಹದಿನೈದು ನಿಮಿಷದ ಕೆಲಸ. ಇಯರ್‌ಫೋನ್ ಹಾಕಿ ಎರಡು ಜಾಗ ಸಾಕು.

ಒಂದು, ಮಾಲ್ಕಮ್ ತನ್ನ ಹಳೇ ಪೇಷೆಂಟ್ ವಿನ್ಸೆಂಟ್‌ನ ಟೇಪ್ ಮತ್ತೆ ಹಾಕಿ, ವಾಲ್ಯೂಮ್ ಏರಿಸ್ತಾ ಹೋಗೋ ಸೀನ್. ಹುಡುಗ ಒಬ್ಬನೇ ಇದ್ದ ರೂಮಿನಲ್ಲಿ ಇನ್ನೊಂದು ದನಿ ಸ್ಪ್ಯಾನಿಷ್‌ನಲ್ಲಿ ನಾನು ಸಾಯೋಕೆ ಬಯಸಲ್ಲ ಅಂತ ಬೇಡ್ಕೊಳ್ತಿರುತ್ತೆ. ಸ್ವಲ್ಪ ಯೋಚಿಸಿದ್ರೆ ಈ ಸೀನ್ ನಮಗೆ ಎರಡನೇ ಸಲ ಹೇಗೆ ನೋಡ್ಬೇಕು ಅಂತ ಹೇಳ್ಕೊಡ್ತಿದೆ: ಆ ಟೇಪ್ ಮಾಲ್ಕಮ್ ಹತ್ರ ಮೊದಲಿಂದ ಇತ್ತು, ಖಾಲಿ ಇದೆ ಅಂದ್ಕೊಂಡ ಜಾಗದಲ್ಲಿ ಏನಿದೆ ಅಂತ ಅವನು ಕೇಳಿಸ್ಕೊಂಡಿರ್ಲಿಲ್ಲ.

ಇನ್ನೊಂದು, ಕೋಲ್ ಆಸ್ಪತ್ರೆ ಬೆಡ್ ಮೇಲೆ ತನ್ನ ಗುಟ್ಟು ಹೇಳೋದು. ಸತ್ತವರು ಎಲ್ಲರ ಹಾಗೇ ಓಡಾಡ್ತಾರೆ, ಒಬ್ಬರಿಗೊಬ್ಬರು ಕಾಣಿಸಲ್ಲ, ತಮಗೆ ಬೇಕಾದ್ದನ್ನ ಮಾತ್ರ ನೋಡ್ತಾರೆ, ಸತ್ತಿದೀವಿ ಅಂತ ಅವರಿಗೇ ಗೊತ್ತಿಲ್ಲ. ಎಲ್ಲರಿಗೂ ಇದರ ಮೊದಲ ವಾಕ್ಯ ಮಾತ್ರ ನೆನಪಿರುತ್ತೆ, ಆದ್ರೆ ನಿಯಮಪುಸ್ತಕ ಇರೋದು ಆಮೇಲಿನ ವಾಕ್ಯಗಳಲ್ಲಿ. ಮೊದಲು ಕಣ್ಣು ಮುಚ್ಚಿ ಆ ವಾಕ್ಯಗಳನ್ನ ಒಂದೊಂದಾಗಿ ಬರ್ಕೊಳ್ಳಿ, ಆಮೇಲೆ ಕಣ್ಣು ತೆರೆದು ಅದೇ ಭಾಗ ಮತ್ತೆ ಹಾಕಿ ಹುಡುಗ ಯಾರ ಮುಖ ನೋಡ್ಕೊಂಡು ಹೇಳ್ತಿದ್ದಾನೆ ಅಂತ ನೋಡಿ. ಸಿನಿಮಾ ಅರ್ಧದಲ್ಲೇ ಕ್ಲೈಮ್ಯಾಕ್ಸನ್ನ ಹೀರೋ ಮುಖದ ಮೇಲೇ ಹೇಳಿಬಿಟ್ಟಿದೆ, ಅವನೂ ಕೇಳಿಸ್ಕೊಳ್ಳಲಿಲ್ಲ ನಾವೂ ಕೇಳಿಸ್ಕೊಳ್ಳಲಿಲ್ಲ.

ಡಬ್ ಕಾಪಿ ಬೇಡ ಅಂದದ್ದು ಇದಕ್ಕೇ. ಡಬ್ಬಿಂಗ್‌ನಲ್ಲಿ ತುಟಿಗೆ ಹೊಂದಿಸೋಕೆ ವಾಕ್ಯ ಬದಲಾಯಿಸ್ತಾರೆ, ಮಾತಿನ ಹಿಂದಿನ ಸಣ್ಣ ಸದ್ದು, ಉಸಿರು ತೆಳ್ಳಗಾಗುತ್ತೆ ಅಥವಾ ಹೊರಟೇ ಹೋಗುತ್ತೆ.

## ಹಂತ 6: ಕಟ್‌ಗಳನ್ನ ನೋಡಿ, ಏನು ತೋರಿಸ್ಲಿಲ್ಲ ಅಂತ ಬರೀರಿ

ಸುಳಿವು ಅಂದ್ರೆ ಫ್ರೇಮಿನಲ್ಲಿ ಇರೋ ವಸ್ತು ಅಂತ ಅಂದ್ಕೊಂಡವರಿಗೆ ಈ ಹಂತ ಕಷ್ಟ ಆಗುತ್ತೆ.

ಶುರುವಿನಲ್ಲಿ ವಿನ್ಸೆಂಟ್ ಮನೆಗೆ ನುಗ್ಗಿ ಮಾಲ್ಕಮ್ ಹೊಟ್ಟೆಗೆ ಗುಂಡು ಹೊಡೀತಾನೆ. ಮಾಲ್ಕಮ್ ಹಾಸಿಗೆ ಮೇಲೆ ಬಿದ್ದಿದ್ದಾನೆ, ಸ್ಕ್ರೀನ್ ಕಪ್ಪಾಗುತ್ತೆ. ಆಮೇಲೆ ಮುಂದಿನ ವರ್ಷದ ಶರತ್ಕಾಲ, ಸೌತ್ ಫಿಲಡೆಲ್ಫಿಯಾ ಅಂತ ಅಕ್ಷರ ಬರುತ್ತೆ, ಅವನು ಬೆಂಚ್ ಮೇಲೆ ಕೂತಿದ್ದಾನೆ. ನಡುವೆ ಆಂಬುಲೆನ್ಸ್ ಇಲ್ಲ, ಆಪರೇಷನ್ ಇಲ್ಲ, ಹೆಂಡತಿ ಆಸ್ಪತ್ರೆಯಲ್ಲಿ ಕಾದಿದ್ದು ಇಲ್ಲ. ಹಂತ 1ರಲ್ಲಿ ಈ ಸೀನ್ ಬರೆದಿದ್ರೆ ನೋಡ್ಕೊಳ್ಳಿ, "ಗುಂಡು ಬಿತ್ತು, ಆಮೇಲೆ ಹುಷಾರಾದ" ಅಂತ ಬರೆದಿರ್ತೀರಿ. ಹುಷಾರಾದ ಅಂತ ಸಿನಿಮಾ ಎಲ್ಲೂ ಹೇಳಿಲ್ಲ, ಬೆಂಚ್ ಮೇಲೆ ಕೂತಿದ್ದನ್ನ ನೋಡಿ ನಾವೇ ಹುಷಾರು ಮಾಡಿದ್ವಿ. ಕೋಲ್‌ನ ಕೇಸ್ ಅವನಿಗೆ ಯಾರು ಕೊಟ್ರು, ಫೀಸ್ ಯಾರು ಕೊಡ್ತಿದ್ದಾರೆ, ಅದೂ ಇಲ್ಲ.

ಮನೆಯ ಕೆಳಗಿನ ರೂಮಿನ ಬಾಗಿಲೂ ಹಾಗೇ. ಮಾಲ್ಕಮ್ ಹಿಡಿ ತಿರುಗಿಸ್ತಾನೆ, ತೆಗೆಯಲ್ಲ, ಜೇಬಲ್ಲಿ ಕೀ ಹುಡುಕ್ತಾನೆ, ಕಟ್, ಮುಂದಿನ ಶಾಟ್‌ನಲ್ಲಿ ಒಳಗಿದ್ದಾನೆ. ಬಾಗಿಲು ತೆರೆದದ್ದನ್ನ ನಾವು ನೋಡಲ್ಲ. ಕೊನೆಯಲ್ಲಿ ಆ ಬಾಗಿಲಿಗೆ ಅಡ್ಡ ಟೇಬಲ್ ಇಟ್ಟು ಸಾಮಾನು ಜೋಡಿಸಿರೋದು ಅವನಿಗೂ ನಮಗೂ ಒಟ್ಟಿಗೇ ಕಾಣುತ್ತೆ.

ಮಾಡೋ ಕ್ರಮ ಹೀಗೆ: ಮಾಲ್ಕಮ್ ಇರೋ ಪ್ರತಿ ಸೀನ್‌ನ ಮೊದಲ ಎರಡು ಶಾಟ್ ಮಾತ್ರ ನೋಡ್ಕೊಂಡು ಹೋಗಿ, ಅವನು ಅಲ್ಲಿಗೆ ಹೇಗೆ ಬಂದ ಅನ್ನೋದು ತೋರಿಸಿದಾರಾ ಇಲ್ವಾ ಅಂತ ಹೌದು, ಇಲ್ಲ ಬರೀರಿ. ಅರ್ಧ ಗಂಟೆ ಸಾಕು. "ಇಲ್ಲ" ಅನ್ನೋದೇ ಸಾಲಾಗಿ ಬರ್ತಾ ಇದ್ರೆ ಅದು ಎಡಿಟಿಂಗ್ ಟೇಬಲ್ ಮೇಲೆ ಬೇಕಂತಲೇ ಮಾಡಿದ ಕೆಲಸ. ಸತ್ತವರು ಬೇಕಾದ್ದನ್ನ ಮಾತ್ರ ನೋಡ್ತಾರೆ ಅಂತ ಕೋಲ್ ಹೇಳಿದ್ನಲ್ಲ, ಟೇಬಲ್ ಅಡ್ಡ ಇರೋದನ್ನ ಮಾಲ್ಕಮ್ ನೋಡೋಕೆ ಬಯಸಲ್ಲ, ಹಾಗಾಗಿ ಕ್ಯಾಮೆರಾನೂ ನೋಡಲ್ಲ.

## ಹಂತ 7: ಸಿಕ್ಕಿದ್ದೆಲ್ಲ ಸುಳಿವಲ್ಲ, ಸೋಸಿ

ಈಗ ನಿಮ್ಮ ಹತ್ರ ಇಪ್ಪತ್ತು ಮೂವತ್ತು ಸಾಲು ಇರುತ್ತೆ. ಪ್ರತಿಯೊಂದಕ್ಕೂ ಒಂದು ಪರೀಕ್ಷೆ: ಮೊದಲ ಸಲ ನೋಡೋನಿಗೆ ಇದಕ್ಕೆ ಒಂದು ಸಾಮಾನ್ಯ ಕಾರಣ ಇರಬೇಕು, ಕ್ಲೈಮ್ಯಾಕ್ಸ್ ಗೊತ್ತಿರೋನಿಗೆ ಅದೇ ಜಾಗದಲ್ಲಿ ಇನ್ನೊಂದು ಕಾರಣ ಇರಬೇಕು, ಎರಡೂ ಪೂರ್ತಿ ಹೊಂದಬೇಕು. ಬಿಲ್ ಇದರಲ್ಲಿ ಸಲೀಸಾಗಿ ಪಾಸ್ ಆಗುತ್ತೆ. ಒಂದೇ ಕಾರಣ ಇದ್ರೆ ಅದು ಸಾಮಾನ್ಯ ಸೀನ್, ಬಿಟ್ಟುಬಿಡಿ.

ಬಟ್ಟೆ ವಿಷಯ ನೋಡಿ. ಮಾಲ್ಕಮ್ ಸಿನಿಮಾ ಪೂರ್ತಿ ಹಾಕೋದು ಗುಂಡು ಬಿದ್ದ ರಾತ್ರಿ ಹಾಕಿದ್ದ ಅಥವಾ ಮುಟ್ಟಿದ್ದ ಬಟ್ಟೆಗಳನ್ನೇ, ಅದೇ ಸೂಟಿನ ಬೇರೆ ಬೇರೆ ಪದರ, ಕೋಟು, ಸ್ವೆಟ್‌ಶರ್ಟು. ಒಂದು ಸೀನ್‌ನಲ್ಲಿ ನೋಡಿದ್ರೆ ಏನೂ ಅಲ್ಲ, ಡಾಕ್ಟರ್ ಸೂಟ್ ಹಾಕೋದು ಸಹಜ. ಎಲ್ಲಾ ಸೀನ್ ಸಾಲಾಗಿ ಬರೆದಾಗ ಮಾತ್ರ ಕಾಣುತ್ತೆ, ಅದಕ್ಕೇ ಮೂರನೇ ಪ್ರಶ್ನೆ ಇಟ್ಕೊಂಡಿದ್ದು.

ಕೆಂಪು ಬಣ್ಣದ್ದು ಸ್ವಲ್ಪ ಬೇರೆ. ಕೆಳಗಿನ ರೂಮಿನ ಬಾಗಿಲಿನ ಹಿಡಿ, ಕೋಲ್‌ನ ಟೆಂಟು, ಬರ್ತ್‌ಡೇ ಪಾರ್ಟಿಯ ಬಲೂನು, ಚರ್ಚಿನ ಬಾಗಿಲು, ಮಗಳನ್ನ ಕಳ್ಕೊಂಡ ಮನೆಯಲ್ಲಿ ಆ ತಾಯಿಯ ಡ್ರೆಸ್ಸು. ಸತ್ತವರ ಲೋಕ ಈ ಲೋಕಕ್ಕೆ ತಾಗೋ ಕಡೆ ಕೆಂಪು ಇಟ್ಟಿದ್ದು ಅಂತ ಸಿನಿಮಾ ಮಾಡಿದವರೇ ಡಿವಿಡಿ ಜೊತೆಗಿನ ವಿಡಿಯೋದಲ್ಲಿ ಹೇಳಿದ್ದಾರೆ. ಆದ್ರೆ ಅವರು ಹೇಳಿಲ್ಲ ಅಂದಿದ್ರೆ ನೀವು ಹೇಗೆ ಖಾತ್ರಿ ಮಾಡ್ಕೊಳ್ತಿದ್ರಿ? ಕೆಂಪು ಇಲ್ಲದ ಸೀನ್‌ಗಳನ್ನ ನೋಡಬೇಕು. ಬೀದಿ, ಕ್ಲಾಸ್‌ರೂಮ್, ಮನೆಯೊಳಗಿನ ಸಾಮಾನ್ಯ ಸೀನ್‌ಗಳು ಕಂದು, ಬೂದು, ಮಂಕು ಹಸಿರಿನಲ್ಲೇ ಇದ್ದು, ಕೆಂಪು ಅಲ್ಲೊಂದು ಇಲ್ಲೊಂದು ಎದ್ದು ಕಂಡ್ರೆ ಅದಕ್ಕೆ ಅರ್ಥ ಇದೆ. ಎಲ್ಲಾ ಕಡೆ ಕೆಂಪು ಇರೋ ಸಿನಿಮಾದಲ್ಲಿ ಕೆಂಪು ಬಲೂನ್ ಅಂದ್ರೆ ಬರೀ ಬಲೂನ್.

ಚಳಿ ಇನ್ನೂ ಸೂಕ್ಷ್ಮ. ಶುರುವಿನಲ್ಲೇ ಆನಾ ವೈನ್ ತರೋಕೆ ಕೆಳಗೆ ಹೋದಾಗ ಅವಳಿಗೆ ಚಳಿ ಆಗುತ್ತೆ. ಸತ್ತವರಿಗೆ ಕೋಪ ಬಂದಾಗ ಚಳಿ ಆಗುತ್ತೆ ಅಂತ ಕೋಲ್ ಆಮೇಲೆ ಹೇಳ್ತಾನೆ, ಮಾಲ್ಕಮ್ ಪಕ್ಕದಲ್ಲಿದ್ರೂ ಯಾವಾಗಲೂ ಉಸಿರು ಹೊಗೆಯಾಡಲ್ಲ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆದ್ರೆ ಶುರುವಿನ ಚಳಿ? ನೆಲಮಾಳಿಗೆ ತಣ್ಣಗೇ ಇರುತ್ತೆ. ಆ ಹೊತ್ತಿಗಾಗಲೇ ವಿನ್ಸೆಂಟ್ ಮನೆಯೊಳಗೆ ಇದ್ದಿರಬಹುದು, ಅವನ ಹಿಂದೆ ಬಂದ ಸತ್ತವರು ಯಾರೋ ಕೆಳಗಿದ್ರು ಅಂತಾನೂ ಅನ್ನಬಹುದು, ಖಾತ್ರಿ ಮಾಡೋಕೆ ಸಿನಿಮಾದೊಳಗೆ ಇನ್ನೇನೂ ಸಿಗಲ್ಲ. ನಾನು ಇದರ ಪಕ್ಕ ಪ್ರಶ್ನೆ ಗುರುತು ಹಾಕಿ ಬಿಟ್ಟಿದೀನಿ. ಇಂಥ ಎರಡು ಮೂರು ಸಾಲು ಉಳಿದೇ ಉಳಿಯುತ್ತೆ, ಬಲವಂತವಾಗಿ ಒಂದು ಕಡೆ ತಳ್ಳೋಕೆ ಹೋಗಬೇಡಿ.

## ದಾರಿ ತಪ್ತಾ ಇದೀರಿ ಅನ್ನೋಕೆ ಲಕ್ಷಣಗಳು

ಒಂದು ಸುಳಿವನ್ನ ವಿವರಿಸೋಕೆ ಸಿನಿಮಾದಲ್ಲಿ ಇಲ್ಲದ ಘಟನೆ ಒಂದನ್ನ ನೀವೇ ಹೊಸೆದು ಸೇರಿಸಬೇಕಾಗಿ ಬಂದ್ರೆ ಅಲ್ಲೇ ನಿಲ್ಲಿಸಿ. ಇದು ಹಂತ 1ರಲ್ಲಿ ಆದ ತಪ್ಪೇ, ಈ ಸಲ ತಲೆಕೆಳಗಾಗಿ ಆಗ್ತಿದೆ.

ಇನ್ನೊಂದು, ಒಂದೊಂದೇ ಫ್ರೇಮ್ ಹಿಡ್ಕೊಂಡು ಕೂತಾಗ ಮಾತ್ರ ಕಾಣೋ ವಿಷಯಗಳು. ಗ್ಲಾಸಿನಲ್ಲಿ ನೀರಿನ ಮಟ್ಟ ಬದಲಾಗೋದು, ಕಾಲರ್ ಒಂದು ಶಾಟ್‌ನಲ್ಲಿ ಒಳಗೆ ಇನ್ನೊಂದರಲ್ಲಿ ಹೊರಗೆ ಇರೋದು, ಇವು ಕಂಟಿನ್ಯುಟಿ ತಪ್ಪು, ಬೇರೆ ಬೇರೆ ಟೇಕ್ ಸೇರಿಸಿದಾಗ ಆಗುತ್ತೆ. ಬೇಕಂತ ಇಟ್ಟ ಸುಳಿವು ಥಿಯೇಟರ್‌ನಲ್ಲಿ ಒಂದೇ ಸಲ ನೋಡೋನ ಕಣ್ಣಿಗೂ ಬೀಳೋ ಹಾಗೆ ಇರುತ್ತೆ, ಬಿದ್ದಿರುತ್ತೆ ಕೂಡ, ಅವನು ಬೇರೆ ಅರ್ಥ ಮಾಡ್ಕೊಂಡಿರ್ತಾನೆ ಅಷ್ಟೇ. ಅದಕ್ಕೇ E ಕೀ ಬಳಸೋದು ಕಂಡದ್ದನ್ನ ಖಾತ್ರಿ ಮಾಡ್ಕೊಳ್ಳೋಕೆ ಮಾತ್ರ, ಹೊಸದು ಹುಡುಕೋಕಲ್ಲ.

ಬಲಗಡೆ ಕಾಲಮ್‌ನಲ್ಲಿ ವಸ್ತುಗಳ ಹೆಸರೇ ತುಂಬಿ, ಮನುಷ್ಯರ ನೋಟದ ಬಗ್ಗೆ ಒಂದು ಸಾಲೂ ಇಲ್ಲ ಅಂದ್ರೂ ಹಿಂದೆ ಹೋಗಿ ಹಂತ 4 ಮತ್ತೆ ಮಾಡಿ.

## ಮುಂದಿನ ಸಿನಿಮಾಕ್ಕೆ ಹೋಗೋವಾಗ

ಇದೇ ಮೂರು ಪ್ರಶ್ನೆಗಳನ್ನ ಎತ್ಕೊಂಡು ಹೋಗಿ ಬೇರೆ ಸಿನಿಮಾ ಮೇಲೆ ಹಾಕಬೇಡಿ, ನಿಯಮ ಬದಲಾದ್ರೆ ನೋಡೋ ಜಾಗನೂ ಬದಲಾಗುತ್ತೆ. 2013ರ ಮಲಯಾಳಂ "ದೃಶ್ಯಂ" ತಗೊಳ್ಳಿ, 2014ರಲ್ಲಿ ರವಿಚಂದ್ರನ್ ನಟಿಸಿದ ಕನ್ನಡದ "ದೃಶ್ಯ" ಇದರದ್ದೇ ರೀಮೇಕ್. ಅಲ್ಲಿ ಯಾರು ಯಾರನ್ನ ನೋಡ್ತಾರೆ ಅನ್ನೋದರಿಂದ ಏನೂ ಸಿಗಲ್ಲ. ಹೆಣ ಇರೋದು ಹೊಸ ಪೊಲೀಸ್ ಸ್ಟೇಷನ್ ನೆಲದ ಕೆಳಗೆ, ಹಾಗಾಗಿ ನಿಯಮ ಜಾಗದ ಬಗ್ಗೆ ಇರಬೇಕು: "ಕಟ್ತಾ ಇರೋ ಸ್ಟೇಷನ್ ಯಾವಾಗೆಲ್ಲ ಕಾಣುತ್ತೆ, ಆಗ ಯಾರು ಏನು ಮಾಡ್ತಿರ್ತಾರೆ." ಹೀಗೆ ಬರ್ಕೊಂಡು ಮಲಯಾಳಂ ಸಿನಿಮಾದ ಮೊದಲ ಸೀನ್ ಹಾಕಿ. ಕಥೆ ಹಿಂದಕ್ಕೆ ಹೋಗೋ ಮುಂಚೆ ಜಾರ್ಜ್‌ಕುಟ್ಟಿ ಎಲ್ಲಿ ಬಂದು ಕೂತಿದ್ದಾನೆ, ಕಾಲು ಎಲ್ಲಿ ಊರಿದ್ದಾನೆ ಅಂತ ನೋಡಿ.